95 ದಿನದ ತಡಕ್ಕೆ ಲೆಕ್ಕ ಕೊಡುವುದು ಹೇಗೆ? ವಿಳಂಬ ಮನ್ನಾ ಅರ್ಜಿಯ ಒಳಗೆ ಏನಿರಬೇಕು

"ಮೇಲ್ಮನವಿದಾರರಿಗೆ ಅನಾರೋಗ್ಯ ಇದ್ದ ಕಾರಣ ಸಕಾಲದಲ್ಲಿ ಮೇಲ್ಮನವಿ ಸಲ್ಲಿಸಲು ಆಗಲಿಲ್ಲ. ವಿಳಂಬವು ಉದ್ದೇಶಪೂರ್ವಕವಲ್ಲ."

ತಡವಾದ ಮೇಲ್ಮನವಿಗಳ ಜೊತೆ ಬರುವ ಅಫಿಡವಿಟ್‌ಗಳಲ್ಲಿ ಎಷ್ಟೋ ಸಲ ಇರುವುದು ಇಷ್ಟೇ. ಎರಡು ಸಾಲು. ಯಾವ ಕಾಯಿಲೆ, ಯಾವಾಗ ಶುರುವಾಯ್ತು, ಯಾವಾಗ ವಾಸಿಯಾಯ್ತು, ವಾಸಿಯಾದ ಮೇಲೆ ಇಷ್ಟು ದಿನ ಯಾಕೆ ಬೇಕಾಯ್ತು, ಒಂದೂ ಇರುವುದಿಲ್ಲ. ಆಮೇಲೆ ತಡವನ್ನು ಮನ್ನಾ ಮಾಡಿ ಅಂತ ಕೇಳುವ ಅರ್ಜಿ ವಜಾ ಆಗುತ್ತದೆ, ಅದರ ಜೊತೆ ಮೇಲ್ಮನವಿಯೂ ಹೋಗುತ್ತದೆ. ಒಳಗೆ ಒಳ್ಳೆಯ ಕೇಸು ಇದ್ದರೂ ಅದನ್ನು ಯಾರೂ ಓದಿರುವುದಿಲ್ಲ. ಕಾರಣ ನಿಜವಾಗಿಯೂ ಇದ್ದು, ಅದನ್ನು ಸರಿಯಾಗಿ ಬರೆಯದೆ ಸೋತವರನ್ನು ನೋಡಿದಾಗ ತುಂಬ ಬೇಜಾರಾಗುತ್ತದೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇಲ್ಲಿ ಹೇಳುವುದು ಸಿವಿಲ್ ಮೇಲ್ಮನವಿಯ ಬಗ್ಗೆ ಮಾತ್ರ.

ಮೊದಲು ಕಾನೂನು ಎಷ್ಟಿದೆ ಅಂತ ನೋಡೋಣ, ಜಾಸ್ತಿ ಏನಿಲ್ಲ. 1963ರ ಕಾಲಮಿತಿ ಕಾಯ್ದೆಯ 116ನೇ ಅನುಚ್ಛೇದದ ಪ್ರಕಾರ ಸಿವಿಲ್ ಡಿಕ್ರಿಯ ಮೇಲೆ ಹೈಕೋರ್ಟಿಗೆ ಹೋಗುವುದಾದರೆ 90 ದಿನ, ಬೇರೆ ಯಾವುದೇ ಮೇಲ್ಮನವಿ ಕೋರ್ಟಿಗಾದರೆ 30 ದಿನ. ಇದು ದಾಟಿದರೆ ಅದೇ ಕಾಯ್ದೆಯ 5ನೇ ಕಲಂ ಇದೆ. ಗಡುವಿನೊಳಗೆ ಬರದೇ ಇದ್ದದ್ದಕ್ಕೆ "ಸಾಕಷ್ಟು ಕಾರಣ" ಇತ್ತು ಅಂತ ಕೋರ್ಟಿಗೆ ಮನವರಿಕೆ ಮಾಡಿಕೊಟ್ಟರೆ ತಡವಾದ ಮೇಲ್ಮನವಿಯನ್ನೂ ತೆಗೆದುಕೊಳ್ಳಬಹುದು. ಸಾಕಷ್ಟು ಕಾರಣ ಅಂದರೆ ಏನು ಅಂತ ಕಾಯ್ದೆ ಪಟ್ಟಿ ಮಾಡಿಲ್ಲ. ಹೈಕೋರ್ಟಿನ ಆದೇಶ, ರೂಢಿ ಅಥವಾ ತೀರ್ಪಿನಿಂದ ದಾರಿ ತಪ್ಪಿ ಗಡುವನ್ನು ತಪ್ಪಾಗಿ ಎಣಿಸಿದ್ದರೆ ಅದೂ ಸಾಕಷ್ಟು ಕಾರಣ ಆಗಬಹುದು ಅನ್ನುವ ಒಂದು ವಿವರಣೆ ಬಿಟ್ಟರೆ, ಉಳಿದದ್ದೆಲ್ಲ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಸಿವಿಲ್ ಪ್ರಕ್ರಿಯಾ ಸಂಹಿತೆ ಅಂದರೆ ಸಿಪಿಸಿಯ ಆದೇಶ 41, ನಿಯಮ 3ಎ ಹೇಳುವುದು ಇನ್ನೊಂದು ಮಾತು: ತಡವಾದ ಮೇಲ್ಮನವಿಯ ಜೊತೆಗೇ ವಿಳಂಬ ಮನ್ನಾ ಅರ್ಜಿ ಇರಬೇಕು, ಅದಕ್ಕೆ ಅಫಿಡವಿಟ್ ಇರಬೇಕು, ಯಾವ ಸಂಗತಿಗಳನ್ನು ನಂಬಿ ಕೇಳುತ್ತಿದ್ದೀರಿ ಅಂತ ಅದರಲ್ಲಿ ಬರೆದಿರಬೇಕು.

"ಸಂಗತಿಗಳು" ಅನ್ನುವ ಪದವನ್ನು ನೆನಪಿಡಿ. "ಅನಾರೋಗ್ಯ" ಸಂಗತಿ ಅಲ್ಲ, ಅದು ತಲೆಬರಹ. ಸಂಗತಿ ಅಂದರೆ ತಾರೀಖು, ಘಟನೆ, ಅದಕ್ಕೊಂದು ಕಾಗದ.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಇದು ನಾನೇ ಕಟ್ಟಿದ್ದು, ಆದರೆ ಇಂಥದ್ದು ಎಲ್ಲ ಕೋರ್ಟಿನಲ್ಲೂ ಸಿಗುತ್ತದೆ. ತಾಲ್ಲೂಕಿನ ಸಿವಿಲ್ ಜಡ್ಜ್ ಕೋರ್ಟಿನಲ್ಲಿ ಒಬ್ಬ ಮಹಿಳೆಯ ವಿರುದ್ಧ ಡಿಕ್ರಿ ಆಗಿದೆ, ವಾಸವಿರುವ ನಿವೇಶನದ ಸ್ವಾಧೀನ ಬಿಟ್ಟುಕೊಡಬೇಕು. ಆಕೆಗೆ 58 ವರ್ಷ, ಗಂಡ ಇಲ್ಲ, ಮಗ ದೂರದ ಊರಲ್ಲಿ ಕೆಲಸಕ್ಕಿದ್ದಾನೆ. ತೀರ್ಪು ಬಂದದ್ದು ಜೂನ್ 12. ಹಿರಿಯ ಸಿವಿಲ್ ಜಡ್ಜ್ ಕೋರ್ಟಿಗೆ 30 ದಿನದೊಳಗೆ ಮೇಲ್ಮನವಿ ಹಾಕಬೇಕಿತ್ತು. ಹಾಕಿದ್ದು ಅಕ್ಟೋಬರ್ 30.

ಎಷ್ಟು ದಿನ ತಡ? ಎಡವುವುದು ಇಲ್ಲಿಂದಲೇ ಶುರು. ಜೂನ್ 12ರಿಂದ ಅಕ್ಟೋಬರ್ 30ರವರೆಗೆ ಎಣಿಸಿ, ಅದರಲ್ಲಿ 30 ಕಳೆದು "110 ದಿನ ತಡ" ಅಂತ ಬರೆದುಬಿಡುತ್ತಾರೆ. ಅದು ತಪ್ಪು. ಕಾಲಮಿತಿ ಕಾಯ್ದೆಯ 12ನೇ ಕಲಂ ಪ್ರಕಾರ ತೀರ್ಪು ಹೇಳಿದ ದಿನವನ್ನು ಬಿಡಬೇಕು, ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲು ಪಡೆಯಲು ಬೇಕಾದ ಸಮಯವನ್ನೂ ಬಿಡಬೇಕು. ನಕಲಿನ ಹಿಂಬದಿಯಲ್ಲೋ ಕೊನೆಯ ಹಾಳೆಯಲ್ಲೋ ಒಂದು ಮುದ್ರೆ ಇರುತ್ತದಲ್ಲ, ಅರ್ಜಿ ಕೊಟ್ಟ ದಿನ, ಶುಲ್ಕ ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಅಂತ, ಇಡೀ ಲೆಕ್ಕ ನಿಂತಿರುವುದು ಅದರ ಮೇಲೆ. ಈಕೆಯ ವಕೀಲರು ನಕಲಿಗೆ ಅರ್ಜಿ ಕೊಟ್ಟದ್ದು ಜೂನ್ 19, ಸಿದ್ಧವಾದದ್ದು ಜುಲೈ 3. ಎರಡೂ ದಿನ ಸೇರಿಸಿದರೆ 15 ದಿನ. ಜೂನ್ 13ನ್ನು ಮೊದಲ ದಿನ ಅಂತ ಹಿಡಿದರೆ 30ನೇ ದಿನ ಜುಲೈ 12. ಅದಕ್ಕೆ 15 ಸೇರಿಸಿದರೆ ಕೊನೆಯ ದಿನ ಜುಲೈ 27. ಹಾಗಾಗಿ ತಡ ಶುರುವಾಗುವುದು ಜುಲೈ 28ರಿಂದ, ಒಟ್ಟು 95 ದಿನ.

ಇಲ್ಲಿ ಎರಡು ಎಚ್ಚರ. ನಕಲು ಸಿದ್ಧವಾಗಿ ಕೂತಿದ್ದರೂ ನೀವು ಹತ್ತು ದಿನ ಬಿಟ್ಟು ಹೋಗಿ ತಂದರೆ ಆ ಹತ್ತು ದಿನ ನಿಮ್ಮದೇ, ಅದನ್ನು ಕಳೆಯುವ ಹಾಗಿಲ್ಲ, ಶುಲ್ಕ ಕಟ್ಟದೆ ಕಳೆದ ದಿನಗಳೂ ಹಾಗೆಯೇ. ಇನ್ನೊಂದು, ಕೋರ್ಟಿನವರು ಇನ್ನೂ ಡಿಕ್ರಿ ಬರೆದಿಲ್ಲ ಅಂತ ಅರ್ಜಿ ಕೊಡದೆ ಕಾಯಬೇಡಿ. ಅರ್ಜಿ ಕೊಡುವ ಮುಂಚೆ ಡಿಕ್ರಿ ತಯಾರಾಗಲು ಹಿಡಿದ ಸಮಯವನ್ನು ಕಳೆಯುವುದಿಲ್ಲ ಅಂತ ಕಾಯ್ದೆಯೇ ಹೇಳಿದೆ. ತೀರ್ಪು ಬಂದ ದಿನವೇ ನಕಲಿಗೆ ಅರ್ಜಿ ಹಾಕುವುದು ಒಳ್ಳೆಯದು.

ಈಗ ದೊಡ್ಡ ಪ್ರಶ್ನೆ. "ಪ್ರತಿ ದಿನದ ತಡಕ್ಕೂ ವಿವರಣೆ ಕೊಡಬೇಕು" ಅಂತಾರಲ್ಲ, ಹಾಗಂದರೆ 95 ದಿನಕ್ಕೆ 95 ಸಾಲು ಬರೆಯಬೇಕಾ?

ಬೇಡ. 1987ರಲ್ಲಿ ಸುಪ್ರೀಂ ಕೋರ್ಟು ಅನಂತನಾಗ್‌ನ ಭೂಸ್ವಾಧೀನ ಕಲೆಕ್ಟರ್ ಮತ್ತು ಕಾತಿಜಿ ಅವರ ಪ್ರಕರಣದಲ್ಲಿ ಇದನ್ನು ನೇರವಾಗಿ ಹೇಳಿತು. ಪ್ರತಿ ದಿನಕ್ಕೆ ವಿವರಣೆ ಅನ್ನುವುದನ್ನು ಅಕ್ಷರ ಹಿಡಿದು ಜಗ್ಗಬಾರದು, ಹಾಗೆ ನೋಡಿದರೆ ಪ್ರತಿ ಗಂಟೆಗೆ, ಪ್ರತಿ ಸೆಕೆಂಡಿಗೆ ಯಾಕೆ ಕೇಳಬಾರದು ಅನ್ನುವ ಅರ್ಥದ ಮಾತು ಅಲ್ಲಿದೆ. ಇದನ್ನು ಎಲ್ಲರೂ ತಮ್ಮ ವಾದದಲ್ಲಿ ಹಾಕುತ್ತಾರೆ. ಆದರೆ ಅಲ್ಲಿದ್ದ ತಡ ಬರೀ 4 ದಿನ ಅನ್ನುವುದನ್ನು ಮರೆಯುತ್ತಾರೆ. ನನ್ನ ಅನುಭವದಲ್ಲಿ ಈ ಮಾತಿನ ಸರಿಯಾದ ಅರ್ಥ ಇದು: ದಿನಚರಿ ಬೇಡ, ಆದರೆ ಮೊದಲ ದಿನದಿಂದ ಕೊನೆಯ ದಿನದವರೆಗೆ ನಡುವೆ ಎಲ್ಲೂ ಖಾಲಿ ಜಾಗ ಇರಬಾರದು. ತಡವನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಕಾರಣ, ಒಂದು ಕಾಗದ, ಒಂದು ತುಂಡು ಮುಗಿದ ಮಾರನೇ ದಿನವೇ ಮುಂದಿನದು ಶುರು.

ತುಂಡು ಮಾಡುವ ಮುಂಚೆ ಇನ್ನೊಂದು ಸಮಾಧಾನದ ವಿಷಯ ಇದೆ. ಗಡುವಿನೊಳಗಿನ ದಿನಗಳಿಗೆ ನೀವು ಲೆಕ್ಕ ಕೊಡಬೇಕಿಲ್ಲ. "ಜುಲೈ 3ಕ್ಕೇ ನಕಲು ಸಿಕ್ಕಿತ್ತಲ್ಲ, 27ರವರೆಗೆ ಸುಮ್ನೆ ಯಾಕೆ ಕೂತಿದ್ದಿರಿ" ಅಂತ ಎದುರುದಾರರು ಕೇಳಿದರೆ, ರಾಮಲಾಲ್ ಮತ್ತು ರೇವಾ ಕೋಲ್‌ಫೀಲ್ಡ್ಸ್ ಪ್ರಕರಣದ ಹಳೆಯ ತೀರ್ಪು ನಿಮ್ಮ ಕಡೆ ಇದೆ. ಕೊನೆಯ ದಿನದವರೆಗೆ ಕಾಯುವುದು ಕಕ್ಷಿದಾರರ ಹಕ್ಕು, ವಿವರಣೆ ಬೇಕಾಗುವುದು ಕೊನೆಯ ದಿನದಿಂದ ಹಾಕಿದ ದಿನದವರೆಗೆ. ಆದರೆ ಅಡ್ಡಿ ಮಾಡಿದ ಘಟನೆ ಗಡುವು ಮುಗಿಯುವ ಮುಂಚೆಯೇ ಹುಟ್ಟಿರಬೇಕು. ಗಡುವು ಮುಗಿದ ಮೇಲೆ ಹುಟ್ಟಿದ ಅಡ್ಡಿ, ಗಡುವಿನೊಳಗೆ ಯಾಕೆ ಬರಲಿಲ್ಲ ಅನ್ನುವುದಕ್ಕೆ ಉತ್ತರ ಆಗುವುದಿಲ್ಲ ಅಲ್ವಾ. 5ನೇ ಕಲಂ ಕೇಳುತ್ತಿರುವುದೇ ಆ ಪ್ರಶ್ನೆ.

ನಮ್ಮ ಉದಾಹರಣೆಯಲ್ಲಿ ಆಕೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದು ಜುಲೈ 20. ಗಡುವಿಗೆ ಇನ್ನೂ ಏಳು ದಿನ ಇತ್ತು. ಈ ಒಂದು ತಾರೀಖು ಅಫಿಡವಿಟ್‌ನಲ್ಲಿ ಇರಲೇಬೇಕು. ಎಷ್ಟೋ ಅಫಿಡವಿಟ್‌ಗಳಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಇರುತ್ತದೆ, ಸೇರಿದ ದಿನವೇ ಇರುವುದಿಲ್ಲ.

ಈಗ 95 ದಿನವನ್ನು ಬಿಡಿಸೋಣ. ಜುಲೈ 28ರಿಂದ ಆಗಸ್ಟ್ 4ರವರೆಗೆ, 8 ದಿನ, ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲೇ ಇದ್ದರು, ಡಿಸ್ಚಾರ್ಜ್ ಸಮ್ಮರಿ ಇದೆ. ಆಗಸ್ಟ್ 5ರಿಂದ ಸೆಪ್ಟೆಂಬರ್ 15ರವರೆಗೆ, 42 ದಿನ, ಆರು ವಾರ ಹಾಸಿಗೆಯಲ್ಲೇ ಇರಬೇಕು ಅಂತ ವೈದ್ಯರು ಬರೆದುಕೊಟ್ಟಿದ್ದಾರೆ. ಸೆಪ್ಟೆಂಬರ್ 16ರಿಂದ 27ರವರೆಗೆ, 12 ದಿನ, ವಾಕರ್ ಹಿಡಿದು ಓಡಾಡಲು ಶುರು ಮಾಡಿ ಹಳೆಯ ವಕೀಲರನ್ನು ಕಂಡರು, ಅವರು ಮೇಲ್ಮನವಿ ಕೆಲಸ ಮಾಡುವುದಿಲ್ಲ ಅಂದರು, ಕಡತ ಮತ್ತು ಆಕ್ಷೇಪಣೆ ಇಲ್ಲವೆಂಬ ಪತ್ರ ಕೈಗೆ ಬಂದದ್ದು 27ಕ್ಕೆ. ಸೆಪ್ಟೆಂಬರ್ 28ರಿಂದ ಅಕ್ಟೋಬರ್ 16ರವರೆಗೆ, 19 ದಿನ, ಹೊಸ ವಕೀಲರು ಸಾಕ್ಷಿಗಳ ಹೇಳಿಕೆ ಮತ್ತು ದಾಖಲೆಗಳ ನಕಲಿಗೆ ಅರ್ಜಿ ಹಾಕಿದರು, ಅವು ಸಿದ್ಧವಾದದ್ದು 16ಕ್ಕೆ. ಅಕ್ಟೋಬರ್ 17ರಿಂದ 30ರವರೆಗೆ, 14 ದಿನ, ಮೇಲ್ಮನವಿ ಬರೆದು ಹಾಕುವುದಕ್ಕೆ. ಕೂಡಿಸಿ ನೋಡಿ: 8, 42, 12, 19, 14. ಸರಿಯಾಗಿ 95.

ಹೀಗೆ ಕೂಡಿಸಿ ನೋಡುವುದನ್ನು ಬಿಡಬೇಡಿ. ಮೊತ್ತ 95ಕ್ಕೆ ಬರದಿದ್ದರೆ ಎಲ್ಲೋ ಖಾಲಿ ಜಾಗ ಉಳಿದಿದೆ ಅಂತ ಅರ್ಥ. ಅದನ್ನು ಎದುರು ವಕೀಲರು ಹುಡುಕುವ ಮುಂಚೆ ನೀವೇ ಹುಡುಕಬೇಕು. ಅರ್ಜಿಯ ತಲೆಯಲ್ಲಿ "95 ದಿನ" ಅಂತಿದ್ದು ಕೋರ್ಟಿನ ಕಚೇರಿಯ ಲೆಕ್ಕ ಬೇರೆ ಬಂದರೆ ಅಲ್ಲೇ ಆಕ್ಷೇಪಣೆ ಬೀಳುತ್ತದೆ, ಅದನ್ನು ತಿದ್ದುವುದಕ್ಕೆ ಇನ್ನಷ್ಟು ದಿನ.

ಈ ಐದು ತುಂಡುಗಳಲ್ಲಿ ಎಲ್ಲವೂ ಒಂದೇ ಗಟ್ಟಿ ಅಲ್ಲ. ಮೊದಲ 8 ದಿನವನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. 42 ದಿನಕ್ಕೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಹಾಸಿಗೆಯಲ್ಲಿದ್ದರೆ ಏನಾಯ್ತು, ವಕೀಲರ ಹತ್ತಿರ ನಕಲು ಇತ್ತು, ಮಗ ಇದ್ದ, ಮನೆಗೇ ಕಾಗದ ತರಿಸಿ ಸಹಿ ಹಾಕಬಹುದಿತ್ತಲ್ಲ?" ಇದು ನ್ಯಾಯವಾದ ಪ್ರಶ್ನೆ. ಉತ್ತರ ವಾದದಲ್ಲಿ ಹೇಳಿದರೆ ಸಾಲದು, ಅಫಿಡವಿಟ್‌ನಲ್ಲೇ ಇರಬೇಕು. ಮಗ ಎಲ್ಲಿದ್ದ, ಆಸ್ಪತ್ರೆಯ ಸಮಯದಲ್ಲಿ ಬಂದಿದ್ದನಾ, ಬಂದಿದ್ದರೆ ಎಷ್ಟು ದಿನಕ್ಕೆ ವಾಪಸ್ ಹೋದ, ಕೇಸಿನ ವಿಷಯ ಅವನಿಗೆ ಗೊತ್ತಿತ್ತಾ, ಇವನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು. "ಕೇಸನ್ನು ಮೊದಲಿಂದ ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೆ, ಮಗ ಯಾವತ್ತೂ ಕೋರ್ಟಿಗೆ ಬಂದವನಲ್ಲ, ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಬಂದು ಆಗಸ್ಟ್ 7ಕ್ಕೆ ಕೆಲಸಕ್ಕೆ ವಾಪಸಾದ, ಆಮೇಲೆ ನನ್ನನ್ನು ನೋಡಿಕೊಂಡದ್ದು ತಂಗಿ" ಅನ್ನುವಂಥ ಸಾಲುಗಳು ಹತ್ತು ತೀರ್ಪುಗಳ ಉಲ್ಲೇಖಕ್ಕಿಂತ ಜಾಸ್ತಿ ಕೆಲಸ ಮಾಡುತ್ತವೆ. ಅವು ನಿಜವಾಗಿರಬೇಕು ಅಷ್ಟೇ.

ನಾಲ್ಕನೇ ತುಂಡಿನಲ್ಲಿ ಒಂದು ಸೂಕ್ಷ್ಮ ಇದೆ. ಸಾಕ್ಷಿ ಹೇಳಿಕೆಗಳ ನಕಲಿಗೆ ಹಿಡಿದ 19 ದಿನವನ್ನು 12ನೇ ಕಲಂ ಕೆಳಗೆ ಕಳೆಯಲು ಆಗುವುದಿಲ್ಲ, ಆ ರಿಯಾಯಿತಿ ಇರುವುದು ತೀರ್ಪು ಮತ್ತು ಡಿಕ್ರಿಯ ನಕಲಿಗೆ. ಆದರೆ 5ನೇ ಕಲಂ ಕೆಳಗೆ ಕಾರಣವಾಗಿ ಹೇಳಬಹುದು. ಆಗ ಕೋರ್ಟು ಕೇಳಬಹುದು, ಆ ನಕಲು ಇಲ್ಲದೆ ಮೇಲ್ಮನವಿ ಹಾಕಲು ಆಗುತ್ತಿರಲಿಲ್ಲವೇ ಅಂತ. ಹೊಸ ವಕೀಲರಿಗೆ ಕೇಸು ಗೊತ್ತಿರಲಿಲ್ಲ, ಹಳೆಯ ಕಡತದಲ್ಲಿ ಹೇಳಿಕೆಗಳೇ ಇರಲಿಲ್ಲ, ಅವಿಲ್ಲದೆ ಆಧಾರಗಳನ್ನು ಬರೆಯಲು ಆಗುತ್ತಿರಲಿಲ್ಲ ಅಂತ ಕಾರಣ ಕೊಡಬೇಕು. ನಾನಾಗಿದ್ದರೆ ತೀರ್ಪನ್ನಷ್ಟೇ ಓದಿ ಮೊದಲು ಮೇಲ್ಮನವಿ ಹಾಕಿ, ಹೆಚ್ಚಿನ ಆಧಾರಗಳನ್ನು ಆಮೇಲೆ ಸೇರಿಸಲು ಅನುಮತಿ ಕೇಳುತ್ತಿದ್ದೆ. ಗಡುವು ದಾಟಿದ ಮೇಲೆ ಒಂದೊಂದು ದಿನವೂ ದುಬಾರಿ.

ನಿಜವಾಗಿ ಮುಗ್ಗರಿಸುವುದು ಕೊನೆಯ 14 ದಿನದಲ್ಲಿ. ದೊಡ್ಡ ಕಾರಣ ಮುಗಿದಿರುತ್ತದೆ, ಬರೆಯುವವರ ಗಮನವೂ ಅಲ್ಲಿಗೇ ಮುಗಿದಿರುತ್ತದೆ. "ಆನಂತರ ಕೂಡಲೇ ಮೇಲ್ಮನವಿ ಸಲ್ಲಿಸಲಾಗಿದೆ" ಅಂತ ಒಂದು ಸಾಲು ಬರುತ್ತದೆ. 14 ದಿನ "ಕೂಡಲೇ" ಅಲ್ಲ. ಕಾರಣ ತೀರಿದ ಮೇಲೆ ಚುರುಕಾಗಿ ನಡೆದುಕೊಂಡಿರಾ ಅನ್ನುವುದನ್ನು ನ್ಯಾಯಾಧೀಶರು ವಿಶೇಷವಾಗಿ ನೋಡುತ್ತಾರೆ, ಯಾಕೆಂದರೆ ಕಕ್ಷಿದಾರರ ನಿಜವಾದ ಮನಸ್ಸು ಕಾಣುವುದು ಅಲ್ಲೇ. ಅದನ್ನು ಹೀಗೆ ಬರೆಯಬಹುದು:

"ಅಕ್ಟೋಬರ್ 16ರಂದು ಸದರಿ ನಕಲುಗಳು ದೊರೆತವು. ನನ್ನ ವಕೀಲರು ಅವುಗಳನ್ನು ಓದಿ ಅಕ್ಟೋಬರ್ 24ರಂದು ಮೇಲ್ಮನವಿಯ ಕರಡು ಸಿದ್ಧಪಡಿಸಿ ನನಗೆ ಫೋನ್ ಮೂಲಕ ತಿಳಿಸಿದರು. ನಾನು ಇನ್ನೂ ಒಬ್ಬಳೇ ಬಸ್ಸಿನಲ್ಲಿ ಪ್ರಯಾಣಿಸುವ ಸ್ಥಿತಿಯಲ್ಲಿ ಇರಲಿಲ್ಲವಾದ್ದರಿಂದ, ಮಗನು ರಜೆ ಪಡೆದು ಬಂದ ಮೇಲೆ ಅಕ್ಟೋಬರ್ 28ರಂದು ಅವನ ಜೊತೆ ಬಂದು ಕರಡನ್ನು ಓದಿಸಿ ಕೇಳಿ ಸಹಿ ಮಾಡಿದೆ. 29 ಭಾನುವಾರವಾಗಿತ್ತು. 30ರಂದು ಮೇಲ್ಮನವಿ ಸಲ್ಲಿಸಿದ್ದೇನೆ."

ಐದಾರು ಸಾಲು. ಇದರಲ್ಲಿ ದೊಡ್ಡ ಪದ ಒಂದೂ ಇಲ್ಲ, ಆದರೆ 14 ದಿನಕ್ಕೂ ಉತ್ತರ ಇದೆ.

ಅಫಿಡವಿಟ್ ಯಾರು ಕೊಡಬೇಕು ಅನ್ನುವುದೂ ಮುಖ್ಯ. ಸಂಗತಿ ಯಾರಿಗೆ ಗೊತ್ತೋ ಅವರು. ಆಸ್ಪತ್ರೆಯ ವಿಷಯ ಆಕೆಯೇ ಹೇಳಬೇಕು. ತಪ್ಪು ವಕೀಲರ ಕಡೆಯಿಂದ ಆಗಿದ್ದರೆ, ಉದಾಹರಣೆಗೆ ಕಡತ ಬೇರೆ ಕಟ್ಟಿನಲ್ಲಿ ಸೇರಿಹೋಗಿತ್ತು ಅಂದರೆ, ವಕೀಲರೋ ಅವರ ಗುಮಾಸ್ತರೋ ಒಂದು ಅಫಿಡವಿಟ್ ಕೊಟ್ಟರೆ ಗಟ್ಟಿ. ವಕೀಲರ ತಪ್ಪಿಗೆ ಕಕ್ಷಿದಾರರನ್ನು ಶಿಕ್ಷಿಸಬಾರದು ಅಂತ ಸುಪ್ರೀಂ ಕೋರ್ಟು 1981ರಲ್ಲೇ ರಫೀಕ್ ಪ್ರಕರಣದಲ್ಲಿ ಹೇಳಿದೆ ನಿಜ. ಆದರೆ "ವಕೀಲರು ನನಗೆ ತಿಳಿಸಲಿಲ್ಲ" ಅಂತ ಸುಮ್ನೆ ಬರೆದರೆ ಈಗ ಯಾರೂ ನಂಬುವುದಿಲ್ಲ. ನೀವು ಯಾವಾಗ ವಿಚಾರಿಸಿದಿರಿ, ಅವರು ಏನೆಂದರು, ತೀರ್ಪು ಬಂದದ್ದು ಯಾವ ದಿನ ಯಾರಿಂದ ಗೊತ್ತಾಯ್ತು, ಇಷ್ಟಾದರೂ ಬೇಕು.

ಎಷ್ಟು ದಿನದ ತಡ ಮನ್ನಾ ಆಗುತ್ತದೆ ಅಂತ ತುಂಬ ಜನ ಕೇಳುತ್ತಾರೆ. ಅದಕ್ಕೆ ಸಂಖ್ಯೆ ಇಲ್ಲ. 1998ರ ಎನ್. ಬಾಲಕೃಷ್ಣನ್ ಪ್ರಕರಣದಲ್ಲಿ 883 ದಿನದ ತಡವೂ ಮನ್ನಾ ಆಗಿದೆ, ತಡ ಎಷ್ಟು ಉದ್ದ ಅನ್ನುವುದಲ್ಲ, ವಿವರಣೆ ಒಪ್ಪುವಂತಿದೆಯೇ ಅನ್ನುವುದು ಮುಖ್ಯ ಅಂತ ಅಲ್ಲಿ ಹೇಳಿದರು. ನಮ್ಮ ಕರ್ನಾಟಕದಿಂದಲೇ ಹೋದ ಬಸವರಾಜ್ ಪ್ರಕರಣದಲ್ಲಿ, 2013ರಲ್ಲಿ, ಐದೂವರೆ ವರ್ಷದ ತಡಕ್ಕೆ ಸಾಕಷ್ಟು ಕಾರಣ ಇಲ್ಲ ಅಂತ ಸುಪ್ರೀಂ ಕೋರ್ಟು ತಳ್ಳಿಹಾಕಿತು, ಅದೇ ಥರದ ಬೇರೆಯವರಿಗೆ ಪರಿಹಾರ ಸಿಕ್ಕಿದೆ ಅನ್ನುವ ವಾದವೂ ನಡೆಯಲಿಲ್ಲ. ಸರ್ಕಾರಕ್ಕೂ ಈಗ ಹಳೆಯ ಸಲೀಸು ಇಲ್ಲ. 2012ರ ಲಿವಿಂಗ್ ಮೀಡಿಯಾ ಪ್ರಕರಣದಲ್ಲಿ ಕಡತ ಮೇಜಿಂದ ಮೇಜಿಗೆ ಹೋಗುತ್ತಿತ್ತು ಅನ್ನುವ ವಿವರಣೆಯನ್ನು 427 ದಿನಕ್ಕೆ ಒಪ್ಪಲಿಲ್ಲ. 2024ರಲ್ಲಿ ಪಾತಪಾಟಿ ಸುಬ್ಬಾ ರೆಡ್ಡಿ ಪ್ರಕರಣದಲ್ಲಿ, ತಡ ಮನ್ನಾ ಮಾಡುವಾಗ ಕೇಸಿನ ಒಳಗಿನ ಬಲವನ್ನು ನೋಡಬೇಕಿಲ್ಲ ಅಂತಲೂ ಹೇಳಿದ್ದಾರೆ. ಹಾಗಾಗಿ "ನಮ್ಮ ಕೇಸು ತುಂಬ ಗಟ್ಟಿ" ಅನ್ನುವ ಎರಡು ಪುಟ ಬರೆದು ತಡದ ಬಗ್ಗೆ ಎರಡು ಸಾಲು ಬರೆಯುವುದು ತಲೆಕೆಳಗಾದ ಲೆಕ್ಕ.

ಅರ್ಜಿ ಹಾಕಿದ ಮೇಲೆ ಏನಾಗುತ್ತದೆ? ನೇರವಾಗಿ ತಿರಸ್ಕರಿಸುವಂಥದ್ದಲ್ಲ ಅನ್ನಿಸಿದರೆ ಎದುರುದಾರರಿಗೆ ನೋಟಿಸ್ ಹೋಗುತ್ತದೆ. ಅವರು ಆಕ್ಷೇಪಣೆ ಹಾಕಿ ಸಂಗತಿಗಳನ್ನೇ ಅಲ್ಲಗಳೆದರೆ ಕೆಲವು ಸಲ ಅರ್ಜಿದಾರರು ಸಾಕ್ಷಿ ಕಟ್ಟೆ ಹತ್ತಬೇಕಾಗುತ್ತದೆ, ಪಾಟಿ ಸವಾಲು ಎದುರಿಸಬೇಕಾಗುತ್ತದೆ. ಆಗ ಆಸ್ಪತ್ರೆ ಕಾಗದ ಗುರುತು ಮಾಡಿಸಲು ಮೂಲ ಪ್ರತಿ ಬೇಕು. ಅಫಿಡವಿಟ್‌ನಲ್ಲಿ "ಆರು ವಾರ ಎದ್ದೇಳಲು ಆಗಲಿಲ್ಲ" ಅಂತ ಹೇಳಿ, ಅದೇ ಸಮಯದಲ್ಲಿ ಉಪನೋಂದಣಿ ಕಚೇರಿಯಲ್ಲಿ ಯಾವುದೋ ಪತ್ರಕ್ಕೆ ಸಹಿ ಹಾಕಿದ್ದು ಹೊರಬಿದ್ದರೆ ಅಲ್ಲಿಗೆ ಮುಗಿಯಿತು. ಒಂದು ಸುಳ್ಳು ಸಿಕ್ಕಿದರೆ ಉಳಿದ ನಿಜವನ್ನೂ ನಂಬುವುದಿಲ್ಲ.

ನಮ್ಮ ಉದಾಹರಣೆಯಂಥ ಕೇಸಲ್ಲಿ ಇನ್ನೊಂದು ಆತಂಕ ಇದೆ. ಡಿಕ್ರಿ ಸ್ವಾಧೀನದ್ದು. ಎದುರಿನವರು ಜಾರಿ ಅರ್ಜಿ ಹಾಕಿ ಮನೆ ಬಿಡಿಸಲು ಬರಬಹುದು. ಮೇಲ್ಮನವಿ ಹಾಕಿದ್ದೇವಲ್ಲ, ತಡೆಯಾಜ್ಞೆ ಸಿಗುತ್ತದೆ ಅಂತ ಕೂರುವ ಹಾಗಿಲ್ಲ. ನಿಯಮ 3ಎ ಪ್ರಕಾರ ವಿಳಂಬದ ಅರ್ಜಿ ಮೊದಲು ತೀರ್ಮಾನ ಆಗಬೇಕು, ಆಮೇಲೆ ಕೋರ್ಟು ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ನಿರ್ಧರಿಸಬೇಕು, ಅಲ್ಲಿಯವರೆಗೆ ಡಿಕ್ರಿಯ ಜಾರಿಗೆ ತಡೆ ಕೊಡುವಂತಿಲ್ಲ. ಹಾಗಾಗಿ ನೋಟಿಸ್ ಬೇಗ ಜಾರಿಯಾಗುವಂತೆ ನೋಡಿಕೊಳ್ಳಿ, ಪ್ರೊಸೆಸ್ ಶುಲ್ಕ ಅವತ್ತೇ ಕಟ್ಟಿ, ವಿಳಂಬದ ಅರ್ಜಿಯ ಮೇಲೆ ನಿಮ್ಮ ಕಡೆಯಿಂದ ವಾಯಿದೆ ಕೇಳಬೇಡಿ. ಮೇಲ್ಮನವಿ ಹಾಕುವಾಗ ಈ ಅರ್ಜಿ ಇಡುವುದು ಮರೆತಿದ್ದರೆ ಅದು ತಿದ್ದಿಕೊಳ್ಳಬಹುದಾದ ದೋಷ ಅಂತ ಸುಪ್ರೀಂ ಕೋರ್ಟು 2000ದಲ್ಲಿ ಹೇಳಿದೆ, ಆಮೇಲೆ ಹಾಕಬಹುದು, ಆದರೆ ತಡೆಯಾಜ್ಞೆ ಅಷ್ಟು ದಿನ ಮುಂದೆ ಹೋಗುತ್ತದೆ.

ಇದೆಲ್ಲ ಸಿಪಿಸಿ ಕೆಳಗಿನ ಮೇಲ್ಮನವಿಗೆ. ಕೆಲವು ವಿಶೇಷ ಕಾಯ್ದೆಗಳಲ್ಲಿ ಎಷ್ಟೇ ಒಳ್ಳೆಯ ಕಾರಣ ಇದ್ದರೂ ಒಂದು ಮಿತಿ ದಾಟಿದರೆ ಕೋರ್ಟಿನ ಕೈಯಲ್ಲಿ ಏನೂ ಇರುವುದಿಲ್ಲ. 1996ರ ಆರ್ಬಿಟ್ರೇಷನ್ ಕಾಯ್ದೆಯ 34ನೇ ಕಲಂ ಕೆಳಗೆ ಮಧ್ಯಸ್ಥಗಾರರ ತೀರ್ಪು ರದ್ದು ಕೋರಿ ಹೋಗಲು ಮೂರು ತಿಂಗಳು, ಕಾರಣ ತೋರಿಸಿದರೆ ಇನ್ನೂ 30 ದಿನ, ಅದರ ಮೇಲೆ ಒಂದು ದಿನವೂ ಇಲ್ಲ. ನಿಮ್ಮ ಮೇಲ್ಮನವಿ ಯಾವ ಕಾಯ್ದೆಯ ಕೆಳಗೆ ಬರುತ್ತದೆ ಅಂತ ಮೊದಲು ನೋಡಿಕೊಂಡು ಆಮೇಲೆ 5ನೇ ಕಲಂ ಅರ್ಜಿ ಬರೆಯಿರಿ.

ಅರ್ಜಿ ಮಂಜೂರಾದಾಗ ಎಷ್ಟೋ ಸಲ ಷರತ್ತು ಇರುತ್ತದೆ, ಎದುರುದಾರರಿಗೆ ಇಷ್ಟು ಖರ್ಚು ಇಂಥ ದಿನದೊಳಗೆ ಕೊಡಬೇಕು ಅಂತ. ಆ ತಾರೀಖನ್ನು ಗೋಡೆಗೆ ಅಂಟಿಸಿಕೊಳ್ಳಿ. ಕಟ್ಟದಿದ್ದರೆ ಸಿಕ್ಕ ಮನ್ನಾ ಕೈತಪ್ಪುತ್ತದೆ. ಅರ್ಜಿ ವಜಾ ಆಗಿ ಅದರಿಂದ ಮೇಲ್ಮನವಿಯೂ ವಜಾ ಆದರೆ, ಆ ವಜಾವನ್ನೂ ಮೇಲ್ಮನವಿಯಲ್ಲಿ ಆದ ತೀರ್ಮಾನ ಅಂತಲೇ ನೋಡುತ್ತಾರೆ ಅನ್ನುವುದು 2005ರ ಶ್ಯಾಮಸುಂದರ್ ಶರ್ಮಾ ಪ್ರಕರಣದ ತೀರ್ಪು. ಆಗ ಉಳಿಯುವ ದಾರಿ ಹೈಕೋರ್ಟಿಗೆ ಎರಡನೇ ಮೇಲ್ಮನವಿ. ಅದಕ್ಕೆ 90 ದಿನ. ಆ ತೀರ್ಪಿನ ನಕಲಿಗೆ ಅವತ್ತೇ ಅರ್ಜಿ ಕೊಡಿ.